ಗಡುವು ದಾಟಿದ ಮೇಲೆ ಕಟ್ಟಿದ ಪ್ರೀಮಿಯಂ: ಆರೋಗ್ಯ ವಿಮೆಯಲ್ಲಿ ಉಳಿಯುವುದೇನು, ಕಳೆಯುವುದೇನು

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಆರೋಗ್ಯ ವಿಮೆಯ ಪಾಲಿಸಿಯನ್ನು ಗಡುವಿನೊಳಗೆ ನವೀಕರಿಸಲಾಗದಿದ್ದರೆ ಇನ್ನೂ ಮೂವತ್ತು ದಿನಗಳ ಗ್ರೇಸ್ ಅವಧಿ ಇರುತ್ತದೆ ಎಂಬುದು ಇಲ್ಲಿ ಕುಳಿತಿರುವ ಬಹುತೇಕರಿಗೆ ಗೊತ್ತಿದೆ. ಆ ಮೂವತ್ತು ದಿನಗಳಲ್ಲಿ ಆಸ್ಪತ್ರೆ ಸೇರಬೇಕಾಗಿ ಬಂದರೆ ಕಂಪನಿ ಖರ್ಚು ಭರಿಸುತ್ತದೆಯೇ ಎಂದು ಕೇಳಿದಾಗ, ಸ್ವಲ್ಪ ಹೊತ್ತಿನ ಹಿಂದೆ ನಿಮ್ಮಲ್ಲಿ ಅನೇಕರು ‘ಭರಿಸುತ್ತದೆ’ ಎಂದಿರಿ. ವರ್ಷದ ಪ್ರೀಮಿಯಂ ಅನ್ನು ಒಂದೇ ಸಲಕ್ಕೆ ಕಟ್ಟುವವರ ಮಟ್ಟಿಗೆ ಆ ಉತ್ತರ ತಪ್ಪು. ಈ ಒಂದು ತಪ್ಪು ತಿಳಿವಳಿಕೆಯಿಂದ ತಿರಸ್ಕೃತವಾಗುವ ಕ್ಲೇಮುಗಳೂ, ಆ ಸಿಟ್ಟಿನಲ್ಲಿ ಮನೆಯವರು ತೆಗೆದುಕೊಳ್ಳುವ ಇನ್ನೂ ಕೆಟ್ಟ ತೀರ್ಮಾನಗಳೂ ಇರುವುದರಿಂದ, ಇವತ್ತಿನ ಮಾತನ್ನು ಇದಕ್ಕೇ ಸೀಮಿತಗೊಳಿಸುತ್ತೇನೆ.

ಈ ತಪ್ಪಿಗೆ ಒಂದು ಕಾರಣ ಜೀವ ವಿಮೆ. ನಮ್ಮ ಮನೆಗಳಲ್ಲಿ ವಿಮೆಯ ಬಗ್ಗೆ ತಿಳಿವಳಿಕೆ ಬೆಳೆದಿರುವುದೇ ಜೀವ ವಿಮೆಯ ಮೂಲಕ. ಅಲ್ಲಿ ಗ್ರೇಸ್ ಅವಧಿಯಲ್ಲಿ ವಿಮಾದಾರರು ತೀರಿಕೊಂಡರೆ, ಬಾಕಿ ಇರುವ ಪ್ರೀಮಿಯಂ ಅನ್ನು ಮುರಿದುಕೊಂಡು ಉಳಿದ ಹಣವನ್ನು ನಾಮಿನಿಗೆ ಕೊಡುತ್ತಾರೆ. ಜೀವ ವಿಮೆ ಹದಿನೈದು, ಇಪ್ಪತ್ತು ವರ್ಷಗಳ ಒಂದೇ ಒಪ್ಪಂದವಾಗಿದ್ದು, ಪ್ರೀಮಿಯಂ ಅದರೊಳಗಿನ ಕಂತು ಮಾತ್ರ ಆಗಿರುವುದರಿಂದ ಹಾಗೆ ನಡೆಯುತ್ತದೆ. ಆರೋಗ್ಯ ವಿಮೆ ಸಾಮಾನ್ಯವಾಗಿ ಒಂದು ವರ್ಷದ ಒಪ್ಪಂದ. ಕೊನೆಯ ದಿನದ ಮಧ್ಯರಾತ್ರಿಗೆ ಅದು ಮುಗಿದೇ ಹೋಗುತ್ತದೆ. ನವೀಕರಣವೆಂದರೆ ಹೊಸ ವರ್ಷಕ್ಕೆ ಹೊಸದಾಗಿ ರಕ್ಷಣೆ ಕೊಂಡಂತೆ. 1938ರ ವಿಮಾ ಕಾಯ್ದೆಯ 64 ವಿಬಿ ಸೆಕ್ಷನ್ ಪ್ರಕಾರ, ಪ್ರೀಮಿಯಂ ಮುಂಗಡವಾಗಿ ಕೈಸೇರದೆ ಕಂಪನಿಯು ಅಪಾಯದ ಹೊಣೆ ಹೊರುವಂತಿಲ್ಲ. ಹಣ ಬಾರದ ದಿನಗಳಿಗೆ ಹೊಣೆಯೂ ಇಲ್ಲ ಎಂಬ ಈ ಮೂಲ ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಹಾಗಾದರೆ ಗ್ರೇಸ್ ಅವಧಿ ಕೊಡುವುದಾದರೂ ಏನನ್ನು? ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2024ರಲ್ಲಿ ತಂದ ನಿಯಮಗಳ ಪ್ರಕಾರ, ಪ್ರೀಮಿಯಂ ಅನ್ನು ತಿಂಗಳ ಕಂತಿನಲ್ಲಿ ಕಟ್ಟುವವರಿಗೆ ಹದಿನೈದು ದಿನ, ಉಳಿದೆಲ್ಲರಿಗೆ ಮೂವತ್ತು ದಿನ ಗ್ರೇಸ್ ಸಿಗುತ್ತದೆ. ಅಷ್ಟರೊಳಗೆ ಹಣ ಕಟ್ಟಿದರೆ, ಅಲ್ಲಿಯವರೆಗೆ ನೀವು ಕೂಡಿಟ್ಟುಕೊಂಡಿರುವ ನಿರಂತರತೆಯ ಸೌಲಭ್ಯಗಳು ಕಳೆದುಹೋಗುವುದಿಲ್ಲ. ಗ್ರೇಸ್ ಅವಧಿ ಕಾಪಾಡುವುದು ಕಳೆದ ವರ್ಷಗಳ ಗಳಿಕೆಯನ್ನು. ಆ ಖಾಲಿ ದಿನಗಳ ಆಸ್ಪತ್ರೆ ಖರ್ಚು ಅದರಲ್ಲಿ ಸೇರಿಲ್ಲ.

ಆ ಗಳಿಕೆ ಯಾವುದೆಂದು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಅದು ರೂಪಾಯಿಗಳಲ್ಲಿ ಕಾಣುವುದಿಲ್ಲ, ಪಾಲಿಸಿಯ ಮುಖಪುಟದಲ್ಲೂ ಎದ್ದು ಕಾಣುವುದಿಲ್ಲ. ಹೊಸ ಪಾಲಿಸಿ ಕೊಂಡಾಗ ಮೊದಲ ಮೂವತ್ತು ದಿನ ಅಪಘಾತ ಬಿಟ್ಟರೆ ಬೇರೆ ಯಾವ ಕಾಯಿಲೆಗೂ ಕ್ಲೇಮು ಇರುವುದಿಲ್ಲ. ಕಣ್ಣಿನ ಪೊರೆ, ಹರ್ನಿಯಾ, ಮಂಡಿ ಬದಲಾವಣೆಯಂಥ ಕೆಲವು ಹೆಸರಿಸಿದ ಚಿಕಿತ್ಸೆಗಳಿಗೆ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆಗಳಿಗೆ ಈಗಿನ ನಿಯಮದಲ್ಲಿ ಹೆಚ್ಚೆಂದರೆ ಮೂವತ್ತಾರು ತಿಂಗಳು. ಮೊದಲು ಇದು ನಲವತ್ತೆಂಟು ತಿಂಗಳವರೆಗೂ ಇರಬಹುದಿತ್ತು. ಇವಲ್ಲದೆ, ಸತತ ಅರವತ್ತು ತಿಂಗಳ ರಕ್ಷಣೆ ಪೂರ್ತಿಯಾದ ಮೇಲೆ, ವಂಚನೆ ಸಾಬೀತಾದ ಪ್ರಕರಣ ಬಿಟ್ಟರೆ, ‘ನೀವು ಇಂಥ ವಿಷಯ ತಿಳಿಸಿರಲಿಲ್ಲ’ ಎಂಬ ಕಾರಣ ಮುಂದಿಟ್ಟು ಕಂಪನಿ ಕ್ಲೇಮು ತಿರಸ್ಕರಿಸುವಂತಿಲ್ಲ. ಇದನ್ನು ಮೊರಟೋರಿಯಂ ಎನ್ನುತ್ತಾರೆ. ಈ ಎಲ್ಲ ಗಡಿಯಾರಗಳೂ ಮೊದಲ ಪಾಲಿಸಿಯ ಮೊದಲ ದಿನ ಒಟ್ಟಿಗೆ ಓಡತೊಡಗುತ್ತವೆ, ನಿರಂತರತೆ ಮುರಿದ ದಿನ ಒಟ್ಟಿಗೆ ಸೊನ್ನೆಗೆ ಮರಳುತ್ತವೆ. ಕ್ಲೇಮು ಮಾಡದ ವರ್ಷಗಳಿಗೆ ಸಿಕ್ಕ ಬೋನಸ್ ಕೂಡ ಇವುಗಳ ಜೊತೆಗೇ ಹೋಗುತ್ತದೆ.

ಈಗ ಒಂದು ಪ್ರಕರಣವನ್ನು ದಿನಾಂಕ ಸಮೇತ ನೋಡೋಣ. ವಿವರಗಳನ್ನು ವಿವರಣೆಗಾಗಿ ನಾನೇ ಜೋಡಿಸಿದ್ದೇನೆ; ಕ್ಲೇಮು ವಿಭಾಗದಲ್ಲಿ ಕೆಲಸ ಮಾಡಿದವರಿಗೆ ಇದರಲ್ಲಿ ಹೊಸತೇನೂ ಕಾಣಿಸದು.

ಒಬ್ಬ ಗೃಹಸ್ಥರು ತಮಗೂ ಪತ್ನಿಗೂ ಸೇರಿ ಐದು ಲಕ್ಷ ರೂಪಾಯಿಯ ಫ್ಯಾಮಿಲಿ ಫ್ಲೋಟರ್ ಪಾಲಿಸಿಯನ್ನು 2024ರ ಜೂನ್ 10ರಂದು ಕೊಂಡರು. ತಮಗೆ ಉಬ್ಬಸವಿದೆ ಎಂದು ಅರ್ಜಿಯಲ್ಲಿ ಬರೆದುಕೊಟ್ಟರು; ಅದಕ್ಕೆ ಮೂವತ್ತಾರು ತಿಂಗಳ ಕಾಯುವ ಅವಧಿ ಹಾಕಲಾಯಿತು. ಬ್ಯಾಂಕ್ ಖಾತೆಯಿಂದ ಪ್ರೀಮಿಯಂ ತಾನಾಗಿ ಕಡಿತವಾಗುವಂತೆ ಇ-ಮ್ಯಾಂಡೇಟ್ ಕೊಟ್ಟರು, ಅದರ ಗರಿಷ್ಠ ಮಿತಿಯನ್ನು ಮೂವತ್ತು ಸಾವಿರ ಎಂದು ನಮೂದಿಸಿದರು. ಮೊದಲೆರಡು ವರ್ಷ ಪ್ರೀಮಿಯಂ 27,400 ರೂಪಾಯಿ ಇದ್ದುದರಿಂದ ಯಾವ ತೊಂದರೆಯೂ ಆಗಲಿಲ್ಲ. ಮೂರನೆಯ ವರ್ಷಕ್ಕೆ ಅವರಿಗೆ ಐವತ್ತಾರು ತುಂಬಿ ಪ್ರೀಮಿಯಂ ಪಟ್ಟಿಯಲ್ಲಿ ಮುಂದಿನ ವಯೋಗುಂಪಿಗೆ ಸೇರಿದರು. ಪ್ರೀಮಿಯಂ 33,900ಕ್ಕೆ ಏರಿತು. ಮೂವತ್ತು ಸಾವಿರದ ಮಿತಿಯ ಮ್ಯಾಂಡೇಟಿನಿಂದ ಆ ಮೊತ್ತ ಕಡಿತವಾಗುವುದು ಸಾಧ್ಯವಿರಲಿಲ್ಲ. ಕಡಿತ ವಿಫಲವಾಯಿತೆಂಬ ಸಂದೇಶ ಅವರು ಬಿಟ್ಟುಬಿಟ್ಟಿದ್ದ ಹಳೆಯ ಮೊಬೈಲ್ ಸಂಖ್ಯೆಗೆ ಹೋಯಿತು. 2026ರ ಜೂನ್ 9ರ ಮಧ್ಯರಾತ್ರಿ ಪಾಲಿಸಿ ಮುಗಿಯಿತು, ಮನೆಯಲ್ಲಿ ಯಾರಿಗೂ ಅದು ತಿಳಿಯಲಿಲ್ಲ.

ಇಲ್ಲೊಂದು ಮಾತನ್ನು ಪಕ್ಕಕ್ಕೆ ಸರಿದು ಹೇಳಬೇಕು. ‘ನಮಗೆ ನೋಟಿಸ್ ಬಂದಿರಲಿಲ್ಲ’ ಎಂಬ ವಾದವನ್ನು ಬಹಳ ಜನ ನಂಬಿಕೊಂಡಿರುತ್ತಾರೆ. ಕಂಪನಿಗಳು ಸಾಮಾನ್ಯವಾಗಿ ಸಂದೇಶ, ಇ-ಮೇಲ್ ಕಳಿಸುತ್ತವೆ. ಆದರೆ ನವೀಕರಣದ ನೋಟಿಸ್ ಕೊಡಲು ಪ್ರಯತ್ನಿಸುತ್ತೇವೆ, ಕೊಡಲೇಬೇಕೆಂಬ ಹೊಣೆ ನಮಗಿಲ್ಲ ಎಂಬ ಅರ್ಥದ ಸಾಲು ಬಹುತೇಕ ಪಾಲಿಸಿಗಳ ಷರತ್ತುಗಳಲ್ಲಿ ಇದ್ದೇ ಇರುತ್ತದೆ. ಇ-ಮ್ಯಾಂಡೇಟ್ ವಿಷಯದಲ್ಲಿ ರಿಸರ್ವ್ ಬ್ಯಾಂಕು 2023ರ ಡಿಸೆಂಬರಿನಲ್ಲಿ ವಿಮಾ ಪ್ರೀಮಿಯಂಗೆ ಒಂದು ಲಕ್ಷ ರೂಪಾಯಿವರೆಗೆ ಪ್ರತಿ ಸಲ ಒಟಿಪಿ ಕೇಳದೆ ಕಡಿತಕ್ಕೆ ಅವಕಾಶ ಕೊಟ್ಟಿದೆ. ಅದು ನಿಯಮದ ಮಿತಿ. ನೀವು ಮ್ಯಾಂಡೇಟ್ ಕೊಡುವಾಗ ನಮೂದಿಸಿದ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ನಿಮ್ಮ ಪಾಲಿಗೆ ಆ ಕಡಿಮೆ ಮೊತ್ತವೇ ಮಿತಿ. ವಯೋಗುಂಪು ಬದಲಾಗುವ ವರ್ಷ ತಾನಾಗಿ ಆಗಬೇಕಾದ ಕಡಿತ ನಿಂತುಹೋಗುವುದು ಹೀಗೆ.

ಪ್ರಕರಣಕ್ಕೆ ಮರಳೋಣ. ಜೂನ್ 21ರ ಸಂಜೆ ಆ ಗೃಹಸ್ಥರಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದರು. ವಿಮಾ ಕೌಂಟರಿನವರು ಕಾರ್ಡ್ ಸಂಖ್ಯೆ ಹಾಕಿ ನೋಡಿ, ಪಾಲಿಸಿ ಚಾಲ್ತಿಯಲ್ಲಿಲ್ಲ ಎಂದರು. ಅಂದು ರಾತ್ರಿಯೇ ಆಂಜಿಯೋಪ್ಲಾಸ್ಟಿ ಆಯಿತು. ಮರುದಿನ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಮಗ ಆನ್‌ಲೈನ್‌ನಲ್ಲಿ 33,900 ರೂಪಾಯಿ ಕಟ್ಟಿದ. ಮಧ್ಯಾಹ್ನದ ಹೊತ್ತಿಗೆ ನವೀಕರಣದ ಶೆಡ್ಯೂಲ್ ಇ-ಮೇಲಿಗೆ ಬಂತು. ಗ್ರೇಸ್ ಅವಧಿಯೊಳಗೇ ಕಟ್ಟಿದ್ದೇವಲ್ಲ ಎಂಬ ಧೈರ್ಯದಿಂದ 2,60,000 ರೂಪಾಯಿಯ ಬಿಲ್ಲಿಗೆ ಕ್ಲೇಮು ಹಾಕಿದರು. ಕ್ಲೇಮು ತಿರಸ್ಕೃತವಾಯಿತು.

ಮಗ ವಾದಿಸಿದ್ದು ಹೀಗೆ: ಮೂವತ್ತು ದಿನ ಅಂದರೆ ಜುಲೈ 9ರವರೆಗೆ ಸಮಯವಿತ್ತು, ನಾವು ಹದಿಮೂರನೆಯ ದಿನವೇ ಕಟ್ಟಿದ್ದೇವೆ, ಹಾಗಾಗಿ ಪಾಲಿಸಿ ಮುರಿದಿಲ್ಲ. ಅವನ ಲೆಕ್ಕ ಸರಿಯಾಗಿಯೇ ಇದೆ, ಪಾಲಿಸಿ ಮುರಿದಿಲ್ಲ ಎಂಬುದೂ ನಿಜ. ಆದರೆ ಕ್ಲೇಮಿಗೆ ನೋಡುವುದು ಆಸ್ಪತ್ರೆಗೆ ದಾಖಲಾದ ಗಳಿಗೆಯನ್ನು. ಜೂನ್ 10ರಿಂದ 22ರ ಬೆಳಿಗ್ಗೆ ಹಣ ಸಂದಾಯವಾಗುವವರೆಗಿನ ದಿನಗಳಿಗೆ ರಕ್ಷಣೆಯನ್ನು ಯಾರೂ ಕೊಂಡಿರಲಿಲ್ಲ, ದಾಖಲಾತಿ ಆ ಖಾಲಿ ಜಾಗದೊಳಗೆ ಬಿತ್ತು. 22ರ ನಂತರವೂ ಆಸ್ಪತ್ರೆಯಲ್ಲಿದ್ದರಲ್ಲ, ಆ ದಿನಗಳ ಖರ್ಚನ್ನಾದರೂ ಕೊಡಬಾರದೇ ಎಂದು ಕೇಳುವವರಿದ್ದಾರೆ. ಹೊಣೆ ಹುಟ್ಟುವ ಮುನ್ನವೇ ಆರಂಭವಾದ ಒಂದೇ ದಾಖಲಾತಿಯನ್ನು ಕಂಪನಿಗಳು ಎರಡಾಗಿ ಒಡೆದು ನೋಡುವುದಿಲ್ಲ.

ಇಂಥ ನವೀಕರಣದ ಶೆಡ್ಯೂಲ್ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಹೊಸ ಅವಧಿ ಯಾವ ದಿನ, ಯಾವ ಗಂಟೆಯಿಂದ ಎಂಬ ಸಾಲನ್ನು. ಇದರಲ್ಲಿ ಎರಡು ರೂಢಿಗಳಿವೆ. ಕೆಲವೆಡೆ ಹಣ ಸಂದಾಯವಾದ ಗಳಿಗೆಯಿಂದ ಹೊಸ ಅವಧಿ ಆರಂಭವಾಗುತ್ತದೆ. ನಮ್ಮ ಪ್ರಕರಣದಲ್ಲಿ ಜೂನ್ 22ರ 9.40ರಿಂದ ಮುಂದಿನ ಜೂನ್ 21ರ ಮಧ್ಯರಾತ್ರಿವರೆಗೆ ಎಂದಿತ್ತು. ಇನ್ನು ಕೆಲವೆಡೆ ಹಳೆಯ ದಿನಾಂಕವನ್ನೇ ಮುಂದುವರಿಸಿ, ನಡುವಿನ ದಿನಗಳಿಗೆ ರಕ್ಷಣೆಯಿಲ್ಲ ಎಂದು ಷರತ್ತಿನಲ್ಲಿ ಬರೆದಿರುತ್ತಾರೆ. ಎರಡನೆಯ ಬಗೆಯದು ನೋಡಿದವರಿಗೆ ಖಾಲಿ ದಿನಗಳೇ ಇಲ್ಲವೆಂಬ ಭ್ರಮೆ ಹುಟ್ಟಿಸುತ್ತದೆ, ಮೇಲಾಗಿ ರಕ್ಷಣೆಯಿಲ್ಲದ ದಿನಗಳಿಗೂ ಹಣ ತೆತ್ತಂತಾಗುತ್ತದೆ. ಗ್ರಾಹಕರ ಕಡೆಯಿಂದ ನೋಡಿದರೆ ಮೊದಲನೆಯದೇ ನ್ಯಾಯವಾದದ್ದು ಎಂಬುದು ನನ್ನ ಅಭಿಪ್ರಾಯ. ಆದರೆ ಅದರಲ್ಲೂ ಒಂದು ಸಣ್ಣ ವ್ಯತ್ಯಾಸವಿದೆ. ಕಾಯುವ ಅವಧಿಯನ್ನು ರಕ್ಷಣೆ ಇದ್ದ ತಿಂಗಳುಗಳಿಂದ ಎಣಿಸುವುದರಿಂದ, ಉಬ್ಬಸದ ಮೂವತ್ತಾರು ತಿಂಗಳು ಮುಗಿಯುವ ದಿನವೂ ಅಷ್ಟು ದಿನ ಮುಂದೆ ಹೋಗಬಹುದು. ಅದರ ಆಸುಪಾಸಿನಲ್ಲಿ ಚಿಕಿತ್ಸೆ ಯೋಜಿಸುವವರು ಕಂಪನಿಯಿಂದ ಆ ದಿನಾಂಕವನ್ನು ಲಿಖಿತವಾಗಿ ಪಡೆದುಕೊಂಡರೆ ಒಳ್ಳೆಯದು.

ಕ್ಲೇಮು ತಿರಸ್ಕೃತವಾದ ಪತ್ರ ಕೈಗೆ ಬಂದಾಗ ಮನೆಯವರಿಗೆ ಅನ್ನಿಸಿದ್ದು, ಆ 33,900 ರೂಪಾಯಿ ನೀರಿಗೆ ಹೋಯಿತೆಂದು. ನಾನು ಇಷ್ಟು ಹೊತ್ತು ಹೇಳಲು ಕಾದದ್ದು ಈ ಜಾಗಕ್ಕಾಗಿ. ಆ ಹಣ ಜೂನ್ 21ರ ಖರ್ಚನ್ನು ತರಲಿಲ್ಲ, ಆದರೆ ಅದಕ್ಕಿಂತ ದೊಡ್ಡದನ್ನು ಉಳಿಸಿಕೊಟ್ಟಿತು. ಗ್ರೇಸ್ ಅವಧಿಯೊಳಗೆ ನವೀಕರಣವಾದುದರಿಂದ ಇದು 2024ರ ಪಾಲಿಸಿಯ ಮುಂದುವರಿಕೆ. ಮೊದಲೇ ಇದ್ದ ಕಾಯಿಲೆ ಯಾವುದು ಎಂಬುದನ್ನು ತೀರ್ಮಾನಿಸುವುದು ಮೊದಲ ಪಾಲಿಸಿಯ ಆರಂಭದ ದಿನವನ್ನು ಹಿಡಿದು. ಹೃದಯದ ತೊಂದರೆ ಅದಾದ ಮೇಲೆ ಕಾಣಿಸಿಕೊಂಡದ್ದು. ಆದ್ದರಿಂದ ಅದು ಆ ಗುಂಪಿಗೆ ಸೇರುವುದಿಲ್ಲ. ವಿಮಾ ಮೊತ್ತ ಹೆಚ್ಚಿಸಲು ಕೇಳದಿದ್ದರೆ ನವೀಕರಣದ ವೇಳೆ ಕಂಪನಿ ಹೊಸದಾಗಿ ಆರೋಗ್ಯ ತಪಾಸಣೆ ಮಾಡಿ ಅಪಾಯ ಅಳೆಯುವಂತಿಲ್ಲ, ಹಿಂದೆ ಕ್ಲೇಮು ಮಾಡಿದ್ದೀರಿ ಎಂಬ ಕಾರಣಕ್ಕೆ ನವೀಕರಣ ನಿರಾಕರಿಸುವಂತೆಯೂ ಇಲ್ಲ. ಅವರಿಗೆ ಆಗಸ್ಟಿನಲ್ಲಿ ಎರಡನೆಯ ಸ್ಟೆಂಟ್ ಬೇಕಾದರೆ ಅದು ಹೊಸ ದಾಖಲಾತಿ, ರಕ್ಷಣೆ ಇರುವ ದಿನ, ಮೂವತ್ತು ದಿನಗಳ ಆರಂಭಿಕ ಕಾಯುವಿಕೆಯೂ ಇಲ್ಲ; ಕ್ಲೇಮು ಮಾಡಲು ಅಡ್ಡಿಯಿಲ್ಲ. ಒಂದು ಎಚ್ಚರಿಕೆ ಮಾತ್ರ ಇದೆ: ಖಾಲಿ ದಿನಗಳಲ್ಲಿ ಕಾಣಿಸಿಕೊಂಡ ಕಾಯಿಲೆಯನ್ನು ಮೊದಲೇ ಇದ್ದ ಕಾಯಿಲೆಯೆಂದು ಪರಿಗಣಿಸುವ ಸಾಲು ಕೆಲವು ಹಳೆಯ ಪಾಲಿಸಿಗಳ ಷರತ್ತಿನಲ್ಲಿ ಇರುತ್ತಿತ್ತು. ನಿಮ್ಮ ಪಾಲಿಸಿಯಲ್ಲಿ ಅಂಥ ಸಾಲು ಉಳಿದಿದ್ದರೆ, ಈಗಿನ ವ್ಯಾಖ್ಯಾನವನ್ನು ಮುಂದಿಟ್ಟು ಕಂಪನಿಯಿಂದ ಲಿಖಿತ ಸ್ಪಷ್ಟನೆ ಕೇಳಿ.

ಇದೇ ಮನೆಯವರು ಜೂನ್ 22ರಂದು ಹಣ ಕಟ್ಟದೆ, ಮೊದಲು ಆಸ್ಪತ್ರೆಯ ಓಡಾಟ ಮುಗಿಯಲಿ ಎಂದುಕೊಂಡು ಜುಲೈ 12ಕ್ಕೆ ಕಟ್ಟಲು ಹೋಗಿದ್ದರೆ ಏನಾಗುತ್ತಿತ್ತು? ಗ್ರೇಸ್ ಅವಧಿ ಜುಲೈ 9ಕ್ಕೆ ಮುಗಿದು ಮೂರು ದಿನವಾಗಿರುತ್ತಿತ್ತು. ವೆಬ್‌ಸೈಟಿನಲ್ಲಿ ನವೀಕರಣದ ದಾರಿ ಮುಚ್ಚಿ, ಹೊಸ ಅರ್ಜಿ ತುಂಬಿ ಎನ್ನುತ್ತಿತ್ತು. ಹೊಸ ಅರ್ಜಿಯಲ್ಲಿ ಮೂರು ವಾರಗಳ ಹಿಂದಿನ ಆಂಜಿಯೋಪ್ಲಾಸ್ಟಿಯನ್ನು ತಿಳಿಸಲೇಬೇಕು. ಅದನ್ನು ಓದಿದ ಕಂಪನಿ ಅರ್ಜಿಯನ್ನೇ ನಿರಾಕರಿಸಬಹುದು, ಕೆಲವು ಕಾಲ ಮುಂದೂಡಬಹುದು ಅಥವಾ ಹೆಚ್ಚಿನ ಪ್ರೀಮಿಯಂ ಕೇಳಬಹುದು. ಒಪ್ಪಿಕೊಂಡಿತೆಂದೇ ಇಟ್ಟುಕೊಳ್ಳೋಣ, ಆಗ ಹೃದಯದ ತೊಂದರೆಯೂ ಮೊದಲೇ ಇದ್ದ ಕಾಯಿಲೆಯಾಗುತ್ತದೆ. ಉಬ್ಬಸಕ್ಕೆ ಇನ್ನೊಂದು ವರ್ಷ ಕಾದರೆ ಸಾಕಿತ್ತು, ಈಗ ಎರಡಕ್ಕೂ ಸೇರಿ ಮೂರು ವರ್ಷದವರೆಗೆ ಕಾಯಬೇಕಾಗುತ್ತದೆ. ಪತ್ನಿಯ ಕಣ್ಣಿನ ಪೊರೆಗೆ ಎರಡು ವರ್ಷದ ಕಾಯುವಿಕೆ ಜೂನ್ 9ಕ್ಕೇ ಮುಗಿದಿತ್ತು, ಅದೂ ಮೊದಲಿನಿಂದ ಶುರು. ಮೊರಟೋರಿಯಂ ಲೆಕ್ಕದಲ್ಲಿ ಕೂಡಿಬಂದಿದ್ದ ಇಪ್ಪತ್ತನಾಲ್ಕು ತಿಂಗಳುಗಳೂ ಹೋದವು. ಗಂಡನ ಪಾಲಿಸಿ ಮುರಿದರೆ ಹೆಂಡತಿಯದೂ ಮುರಿಯುತ್ತದೆ ಎಂಬುದನ್ನು ಫ್ಲೋಟರ್ ಪಾಲಿಸಿದಾರರು ಮರೆತೇಬಿಡುತ್ತಾರೆ. ಅಲ್ಲಿರುವುದು ಎಲ್ಲರಿಗೂ ಸೇರಿ ಒಂದೇ ಪ್ರೀಮಿಯಂ, ಒಂದೇ ಗಡುವು.

ಆದ್ದರಿಂದ ಖಾಲಿ ದಿನಗಳಲ್ಲಿ ಆಸ್ಪತ್ರೆ ಸೇರಿದವರ ಮನೆಯವರಿಗೆ ನಾನು ಹೇಳುವುದು ಇಷ್ಟು: ಈ ಬಿಲ್ಲಿಗೆ ಕ್ಲೇಮು ಸಿಗುವುದಿಲ್ಲ ಎಂದು ಗೊತ್ತಾದ ಮೇಲೂ, ಗೊತ್ತಾದ ದಿನವೇ, ಪ್ರೀಮಿಯಂ ಕಟ್ಟಿ. ಕಾಯಿಲೆ ಬಿದ್ದ ಮೇಲೆ ಆ ಹಳೆಯ ಪಾಲಿಸಿಯಂಥದ್ದು ಮಾರುಕಟ್ಟೆಯಲ್ಲಿ ಇನ್ನೊಂದು ಸಿಗುವುದಿಲ್ಲ.

ಕಂತಿನಲ್ಲಿ ಕಟ್ಟುವವರ ಸ್ಥಿತಿ ಬೇರೆ, ಮತ್ತು ಈಗ ಅವರದೇ ಉತ್ತಮ. ಹಿಂದೆ ಕಂತು ತಪ್ಪಿದ ದಿನದಿಂದ ಹಣ ಸಂದಾಯವಾಗುವವರೆಗೆ ಅವರಿಗೂ ರಕ್ಷಣೆ ಇರುತ್ತಿರಲಿಲ್ಲ. 2024ರ ನಿಯಮ ಬಂದ ಮೇಲೆ, ಪಾಲಿಸಿ ಅವಧಿಯೊಳಗಿನ ಕಂತುಗಳಿಗೆ ಗ್ರೇಸ್ ದಿನಗಳಲ್ಲೂ ರಕ್ಷಣೆ ಮುಂದುವರಿಯಬೇಕು. ಮಾರ್ಚ್ 5ಕ್ಕೆ ಕಟ್ಟಬೇಕಿದ್ದ ತಿಂಗಳ ಕಂತು ತಪ್ಪಿ, ಮಾರ್ಚ್ 12ರಂದು ಆಸ್ಪತ್ರೆ ಸೇರಿದರೆ ಕ್ಲೇಮು ನಿಲ್ಲುತ್ತದೆ. ಬಾಕಿ ಕಂತು ಮಾತ್ರವಲ್ಲದೆ ಆ ವರ್ಷದ ಉಳಿದ ಕಂತುಗಳನ್ನೂ ಕ್ಲೇಮಿನ ಹಣದಲ್ಲಿ ಮುರಿದುಕೊಳ್ಳುವ ಹಕ್ಕನ್ನು ಕಂಪನಿಗಳು ಷರತ್ತಿನಲ್ಲಿ ಇಟ್ಟುಕೊಂಡಿರುತ್ತವೆ. ಹದಿನೈದು ದಿನ ದಾಟಿದರೂ ಕಂತು ಬಾರದಿದ್ದರೆ ಪಾಲಿಸಿ ರದ್ದಾಗುತ್ತದೆ, ನಿರಂತರತೆಯೂ ಅಲ್ಲಿಗೇ ಮುರಿಯುತ್ತದೆ. ಆದರೆ ಈ ಅನುಕೂಲ ಇರುವುದು ವರ್ಷದ ಒಳಗಿನ ಕಂತುಗಳಿಗೆ. ಹನ್ನೆರಡನೆಯ ಕಂತು ಮುಗಿದು ಹೊಸ ವರ್ಷದ ಮೊದಲ ಕಂತು ಕಟ್ಟಬೇಕಾದ ದಿನ ಬಂದಾಗ ಅದು ನವೀಕರಣ. ತಿಂಗಳು ತಿಂಗಳು ಒಂದೇ ಮೊತ್ತ ಕಟ್ಟುತ್ತ ಬಂದವರಿಗೆ ಈ ಎರಡರ ನಡುವಿನ ಗೆರೆ ಕಾಣಿಸುವುದೇ ಇಲ್ಲ, ಹಾಗಾಗಿ ಆ ಒಂದು ಕಂತನ್ನಾದರೂ ತಡ ಮಾಡಬಾರದು.

ಗಡುವಿನೊಳಗೆ ಹಣ ಕಟ್ಟಿಯೂ ನಿರಂತರತೆ ಅಪಾಯಕ್ಕೆ ಸಿಲುಕುವ ಸಂದರ್ಭಗಳಿವೆ. ನೀವು ಕಟ್ಟಿದ ಹಣ ಕಂಪನಿಗೆ ಪೂರ್ತಿಯಾಗಿ ಸೇರದಿದ್ದರೆ ನೀವು ಕಟ್ಟಿದಂತಾಗುವುದಿಲ್ಲ. ಪ್ರೀಮಿಯಂ 33,900ಕ್ಕೆ ಏರಿರುವುದು ಗೊತ್ತಿಲ್ಲದೆ ಕಳೆದ ವರ್ಷದ 27,400 ರೂಪಾಯಿಯನ್ನೇ ನೇರವಾಗಿ ಬ್ಯಾಂಕಿನಿಂದ ವರ್ಗಾಯಿಸಿದರೆ, ಆ ಹಣ ಕಂಪನಿಯ ಖಾತೆಯಲ್ಲಿ ಹೊಂದಾಣಿಕೆಯಾಗದೆ ಬಿದ್ದಿರುತ್ತದೆ, ಪಾಲಿಸಿ ಹೊರಡುವುದಿಲ್ಲ. ಚೆಕ್ ಬೌನ್ಸ್ ಆದರೆ ರಶೀದಿ ಕೈಯಲ್ಲಿದ್ದರೂ ಹೊಣೆ ಇರುವುದಿಲ್ಲ. ಏಜೆಂಟರ ಕೈಗೆ ಪ್ರೀಮಿಯಂ ಕೊಟ್ಟಿದ್ದರೆ, ರಜಾದಿನ ಬಿಟ್ಟು ಇಪ್ಪತ್ತನಾಲ್ಕು ಗಂಟೆಗಳೊಳಗೆ ಅವರು ಅದನ್ನು ಕಂಪನಿಗೆ ತಲುಪಿಸಬೇಕೆಂದು ಅದೇ 64 ವಿಬಿ ಸೆಕ್ಷನ್ ಹೇಳುತ್ತದೆ. ಆದರೆ ಪರಿಚಯದ ಏಜೆಂಟರ ಸ್ವಂತ ಯುಪಿಐಗೆ ಹಣ ಹಾಕಿ, ‘ಆಯಿತು ಸಾರ್, ಮಾಡಿಸ್ತೀನಿ’ ಎಂಬ ವಾಟ್ಸಾಪ್ ಉತ್ತರವನ್ನೇ ರಶೀದಿಯೆಂದು ನಂಬಿದವರಿಗೆ ಆ ಸೆಕ್ಷನ್ ಸಮಯಕ್ಕೆ ಒದಗಿ ಬರುವುದು ಕಷ್ಟ. ಹಣ ಹೋದದ್ದಕ್ಕೆ ಪುರಾವೆ ಬ್ಯಾಂಕಿನ ಸಂದೇಶ. ರಕ್ಷಣೆ ಬಂದದ್ದಕ್ಕೆ ಪುರಾವೆ ಹೊಸ ದಿನಾಂಕವಿರುವ ಶೆಡ್ಯೂಲ್ ಮಾತ್ರ. ಎರಡು ಮೂರು ದಿನದಲ್ಲಿ ಅದು ಬಾರದಿದ್ದರೆ ಗ್ರೇಸ್ ದಿನಗಳು ಉಳಿದಿರುವಾಗಲೇ ವಿಚಾರಿಸಬೇಕು.

ಕಂಪನಿ ಬದಲಾಯಿಸುವವರು ಬೀಳುವ ಹಳ್ಳವೂ ಇಂಥದ್ದೇ. ಬೇರೆ ಕಂಪನಿಗೆ ಪೋರ್ಟ್ ಮಾಡಲು ಅರ್ಜಿ ಹಾಕಿ, ಉತ್ತರ ಬರಲಿ ಎಂದು ಹಳೆಯ ಪಾಲಿಸಿಯ ಗಡುವನ್ನೂ ಗ್ರೇಸ್ ದಿನಗಳನ್ನೂ ಕಳೆದುಬಿಡುತ್ತಾರೆ. ಹೊಸ ಕಂಪನಿ ಕೊನೆಗೆ ಒಲ್ಲೆ ಎಂದರೆ ಎರಡೂ ಕೈತಪ್ಪುತ್ತವೆ. ಗಡುವಿನ ದಿನ ಹತ್ತಿರ ಬಂದರೂ ಒಪ್ಪಿಗೆ ಕೈಗೆ ಬಂದಿರದಿದ್ದರೆ ಹಳೆಯದನ್ನೇ ನವೀಕರಿಸಿ, ಪೋರ್ಟ್ ಮಾಡುವುದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವುದು ಮೇಲು.

ಇಷ್ಟು ಬಿಗಿಯಾದ ನಿಯಮಕ್ಕೆ ಎಂದಾದರೂ ವಿನಾಯಿತಿ ಸಿಕ್ಕಿದೆಯೇ ಎಂದು ಮುಂದಿನ ಸಾಲಿನ ಹಿರಿಯರೊಬ್ಬರು ಕೇಳಿದರು. ಸಿಕ್ಕಿದೆ, ಅದೂ ನೆನಪಿಡಬೇಕಾದ ರೀತಿಯಲ್ಲಿ. 2020ರ ಲಾಕ್‌ಡೌನ್ ವೇಳೆ, ಮಾರ್ಚ್ 25ರಿಂದ ಮೇ 3ರ ನಡುವೆ ನವೀಕರಣಕ್ಕೆ ಬಂದ ಆರೋಗ್ಯ ವಿಮೆ ಮತ್ತು ವಾಹನಗಳ ಥರ್ಡ್ ಪಾರ್ಟಿ ವಿಮೆಯ ಪ್ರೀಮಿಯಂ ಅನ್ನು ಮೇ 15ರೊಳಗೆ ಕಟ್ಟಿದರೆ, ಗಡುವಿನ ದಿನದಿಂದಲೇ ರಕ್ಷಣೆ ಇದ್ದಂತೆ ಎಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ಖಾಲಿ ದಿನಗಳನ್ನೂ ತುಂಬಿಕೊಟ್ಟ ಆ ಅನುಕೂಲ ಯಾವ ಕಂಪನಿಯ ಔದಾರ್ಯದಿಂದ ಬಂದದ್ದೂ ಅಲ್ಲ; ಅದಕ್ಕೆ ಸರ್ಕಾರವೇ ನಿಯಮ ತಿದ್ದಬೇಕಾಯಿತು. ಹಾಗಾಗಿ ಸಾಮಾನ್ಯ ದಿನಗಳಲ್ಲಿ ಕಚೇರಿಯ ಕೌಂಟರಿನಲ್ಲಿ ನಿಂತು ಎರಡು ದಿನ ತಡವಾಯಿತು, ಮನ್ನಾ ಮಾಡಿ ಎಂದು ಕೇಳುವುದರಿಂದ ಕ್ಲೇಮು ಸಿಕ್ಕೀತೆಂದು ನಿರೀಕ್ಷಿಸಲಾಗದು.

ಆದರೂ ಜಗಳ ಹೂಡಲು ಅರ್ಹವಾದ ಪ್ರಕರಣಗಳಿವೆ. ತಡವಾದದ್ದು ನಿಮ್ಮಿಂದಲೋ ಕಂಪನಿಯಿಂದಲೋ ಎಂಬುದರ ಮೇಲೆ ಅದು ನಿಂತಿದೆ. ಗಡುವಿನೊಳಗೆ ಪೂರ್ತಿ ಹಣ ಕಂಪನಿಯ ಖಾತೆಗೆ ಸೇರಿದ್ದು, ಅವರ ಕಂಪ್ಯೂಟರಿನಲ್ಲಿ ನಮೂದಾಗುವುದು ತಡವಾಗಿದ್ದರೆ. ಕಂತಿನ ಪಾಲಿಸಿಯ ಗ್ರೇಸ್ ದಿನಗಳನ್ನು ಹಳೆಯ ಷರತ್ತಿನಂತೆ ಎಣಿಸಿ ಕ್ಲೇಮು ತಿರಸ್ಕರಿಸಿದ್ದರೆ. ಗ್ರೇಸ್ ಅವಧಿಯೊಳಗೆ ಕಟ್ಟಿದ ಮೇಲೂ ಶೆಡ್ಯೂಲಿನಲ್ಲಿ ಮೊದಲ ಪಾಲಿಸಿಯ ದಿನಾಂಕದ ಜಾಗದಲ್ಲಿ ಹೊಸ ದಿನಾಂಕ ಹಾಕಿದ್ದರೆ, ಸುಮ್ಮನಿರಬಾರದು. ಕೊನೆಯದು ಬಹಳ ಮೌನವಾಗಿ ನಡೆಯುವ ತಪ್ಪು. ವರ್ಷಗಳ ನಂತರ ಕ್ಲೇಮು ಹಾಕಿದಾಗಲೇ ಅದು ಗೊತ್ತಾಗುವುದು. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆದು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಬೆಂಗಳೂರಿನಲ್ಲಿಯೇ ಅವರ ಕಚೇರಿಯಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಐವತ್ತು ಲಕ್ಷ ರೂಪಾಯಿವರೆಗಿನ ಪರಿಹಾರದ ತನಕ ಅವರ ಅಧಿಕಾರವಿದೆ. ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು.

ಜುಲೈ 12ರ ಸ್ಥಿತಿಯಲ್ಲಿ ಇರುವವರು ಏನು ಮಾಡಬೇಕು ಎಂಬುದು ಕೊನೆಗೆ ಬಂದ ಪ್ರಶ್ನೆ. ಕೇಳಿದ ತಾಯಿಯವರ ಪಾಲಿಸಿ ಗ್ರೇಸ್ ಅವಧಿಯನ್ನೂ ದಾಟಿಬಿಟ್ಟಿದೆಯಂತೆ. ಮನ್ನಾ ಕೇಳಿ ಒಂದು ಪತ್ರ ಬರೆಯುವುದರಲ್ಲಿ ನಷ್ಟವಿಲ್ಲ, ಆದರೆ ಅದು ಹಕ್ಕಲ್ಲ, ಉತ್ತರಕ್ಕಾಗಿ ವಾರಗಟ್ಟಲೆ ಕಾಯಲೂಬಾರದು. ಅದೇ ವಾರ ಹೊಸ ಅರ್ಜಿ ಹಾಕಿ, ಹಳೆಯ ಪಾಲಿಸಿಯ ಪ್ರತಿಗಳನ್ನು ಜೊತೆಗಿಡಿ. ಹಿಂದಿನ ವರ್ಷಗಳಲ್ಲಿ ಆದ ಪ್ರತಿ ಚಿಕಿತ್ಸೆಯನ್ನೂ, ಈಗ ತೆಗೆದುಕೊಳ್ಳುತ್ತಿರುವ ಪ್ರತಿ ಮಾತ್ರೆಯನ್ನೂ ಅರ್ಜಿಯಲ್ಲಿ ಬರೆಯಿರಿ. ಹಳೆಯ ಪಾಲಿಸಿಯಲ್ಲಿ ಇವೆಲ್ಲ ಕಂಪನಿಗೆ ಗೊತ್ತೇ ಇದೆಯಲ್ಲ ಎಂದು ಬಿಟ್ಟರೆ, ಅರವತ್ತು ತಿಂಗಳ ಗಡಿಯಾರವೂ ಹೊಸದಾಗಿ ಓಡತೊಡಗಿರುವುದರಿಂದ, ಮುಂದಿನ ಐದು ವರ್ಷ ಅದೇ ಬಿಟ್ಟ ಸಾಲನ್ನು ಹಿಡಿದು ಕ್ಲೇಮು ತಿರಸ್ಕರಿಸಲು ಕಂಪನಿಗೆ ಅವಕಾಶವಿರುತ್ತದೆ.